ಮರಗದಮ್ಮನ ಬೆಳಗಿನ ರಾಗ

ಜನವರಿಯ ಒಂದು ಬುಧವಾರ, ಬೆಳಗಿನ ಆರು ಗಂಟೆ. ಲಂಡನ್ನಿನ ಹ್ಯಾರೋದ ಆ ಬೀದಿಯಲ್ಲಿ ಇನ್ನೂ ಬೀದಿದೀಪದ್ದೇ ಬೆಳಕು. ಒಂದು ಕಾಲಕ್ಕೆ ಸ್ನೂಕರ್ ಹಾಲ್ ಆಗಿದ್ದ ಗುಡಿಯ ಬಾಗಿಲಲ್ಲಿ ಮರಗದಂ ಬೂಟು ಬಿಚ್ಚುತ್ತಾರೆ, ಎರಡು ಜೊತೆ ಸಾಕ್ಸ್ ಬಿಚ್ಚುತ್ತಾರೆ, ನಲ್ಲಿಯಲ್ಲಿ ಕಾಲು ತೊಳೆಯುತ್ತಾರೆ. ಕೋಟಿನ ಒಳಜೇಬಿನಿಂದ ಒಂದು ಜೊತೆ ಸಣ್ಣ ಕಂಚಿನ ತಾಳ ತೆಗೆದು ಸೆರಗಿನಲ್ಲಿ ಒರೆಸುತ್ತಾರೆ. ಈಶ್ವರನ ಸನ್ನಿಧಿಯ ಹೊಸ್ತಿಲಿನ ಈಚೆ, ಬಲಗಡೆಯ ಕಂಬಕ್ಕೆ ಒಂದು ಮೊಳ ಬಿಟ್ಟು ನಿಲ್ಲುತ್ತಾರೆ. ಅದು ಅವರ ಜಾಗ.

ಆದರೆ ಅವರು ಬಾಯಿ ತೆರೆಯುವುದಿಲ್ಲ. ಆರು ಇಪ್ಪತ್ತಕ್ಕೆ ಕಂಬದ ಮೇಲಿನ ಸ್ಪೀಕರ್ ತಾನಾಗಿ ಹಾಡಲು ತೊಡಗುತ್ತದೆ. ಗಂಡು ದನಿ, ತುಂಬಿದ ಶಾರೀರ, ಒಂದು ಅಪಸ್ವರವಿಲ್ಲ. ಮರಗದಂ ತಾಳವನ್ನು ಎರಡು ಅಂಗೈಗಳ ನಡುವೆ ಸದ್ದಾಗದಂತೆ ಹಿಡಿದು, ಕಣ್ಣುಮುಚ್ಚಿ ಪೂರ್ತಿ ಕೇಳುತ್ತಾರೆ. ಹಾಡು ಮುಗಿದ ಮೇಲೆ ವಿಭೂತಿ ಇಟ್ಟುಕೊಂಡು ಮನೆಗೆ ಹೊರಡುತ್ತಾರೆ.

"ಹಾಡಕ್ಕೆ ಬಿಡದೇ ಇದ್ರೂ ಯಾಕೆ ಬರ್ತೀರಿ ಅಂತ ಎಲ್ರೂ ಕೇಳ್ತಾರೆ. ನಿಲ್ಲಬೇಡ ಅಂತ ಯಾರೂ ಹೇಳಿಲ್ವಲ್ಲ" ಎನ್ನುತ್ತಾರೆ, ಮತ್ತೆ ಸಾಕ್ಸ್ ಏರಿಸಿಕೊಳ್ಳುತ್ತಾ.

ಮರಗದಮ್ಮನಿಗೆ ಈಗ ಅರವತ್ತೊಂದು. ಹುಟ್ಟಿದ್ದು, ಬೆಳೆದದ್ದು ಬೆಂಗಳೂರಿನ ಹಲಸೂರಿನಲ್ಲಿ. ಮನೆಮಾತು ತಮಿಳು, ಬೀದಿಯ ಮಾತು ಕನ್ನಡ, ಓದಿದ್ದು ಕಾರ್ಪೊರೇಷನ್ನಿನ ಕನ್ನಡ ಶಾಲೆಯಲ್ಲಿ ಏಳನೇ ತರಗತಿಯವರೆಗೆ. ಮೂವತ್ತು ವರ್ಷದ ಹಿಂದೆ ಗಂಡ ಷಣ್ಮುಗಂ ಜೊತೆ ಲಂಡನ್ನಿಗೆ ಬಂದರು. ಗಂಡ ಬಸ್ಸು ಓಡಿಸಿ ಈಗ ನಿವೃತ್ತರು. ಇವರು ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿದ್ದಾರೆ. ಭಾನುವಾರದಿಂದ ಶುಕ್ರವಾರದವರೆಗೆ, ಮಧ್ಯಾಹ್ನ ಮೂರರಿಂದ ರಾತ್ರಿ ಒಂಬತ್ತರವರೆಗೆ ರೋಗಿಗಳ ಊಟದ ಟ್ರೇ ಜೋಡಿಸುವ ಕೆಲಸ. ಉಪ್ಪಿಲ್ಲದ್ದು ಯಾರಿಗೆ, ರುಬ್ಬಿದ್ದು ಯಾರಿಗೆ ಎಂದು ನೋಡಿ ನೋಡಿ ಜೋಡಿಸಬೇಕು. ಹಾಗಾಗಿ ಗುಡಿಗೆ ಅವರದ್ದು ಬೆಳಗಿನ ಹೊತ್ತು ಮಾತ್ರ. ಸಂಜೆಯ ಪೂಜೆ ನಡೆಯುವಾಗ ಅವರು ತಲೆಗೆ ನೀಲಿ ಬಲೆ ಕಟ್ಟಿಕೊಂಡು ಟ್ರೇಗಳ ಮುಂದೆ ಇರುತ್ತಾರೆ.

ಬೆಳಗಿನ ಹೊತ್ತು ಅವರು ನಿಲ್ಲುವ ಜಾಗಕ್ಕೆ ಒಂದು ಹೆಸರಿದೆ. ತಮಿಳು ಶಿವಾಲಯಗಳಲ್ಲಿ ಅಲ್ಲಿ ನಿಂತು ಹಾಡುವವರನ್ನು ಓದುವಾರ್ ಎನ್ನುತ್ತಾರೆ. ಅರ್ಚಕರು ಸಂಸ್ಕೃತದಲ್ಲಿ ಪೂಜೆ ಮಾಡಿ ಮಂಗಳಾರತಿ ಎತ್ತಿದ ಮೇಲೆ ತಮಿಳು ಹಾಡಿನ ಸರದಿ. ಮೊದಲು ಚಿದಂಬರದ ಸಭೆಯ ಹೆಸರು ಹೇಳಬೇಕು. ಆಮೇಲೆ ಐದು ಹಾಡು, ಐದು ಕಡೆಯಿಂದ. ಸಂಬಂಧರ್, ಅಪ್ಪರ್, ಸುಂದರರ್ ಎಂಬ ಮೂವರ ಪದಗಳಿಂದ ಒಂದು. ಮಾಣಿಕ್ಯವಾಚಕರದ್ದು ಒಂದು. ಅವರ ನಂತರದ ಒಂಬತ್ತು ಮಂದಿ ಭಕ್ತರ ಹಾಡುಗಳಿಂದ ಒಂದು. ದೇವರಿಗೇ 'ಹಲವು ಕಾಲ ಬಾಳು' ಎಂದು ಹರಸುವ ಹಾಡು ಒಂದು. ಕೊನೆಗೆ ಅರವತ್ತಮೂವರು ಭಕ್ತರ ಕಥೆಯಿಂದ ಒಂದು. ಮತ್ತೆ ಚಿದಂಬರದ ಹೆಸರು ಹೇಳಿದರೆ ಮುಗಿಯಿತು, ಆಮೇಲೆಯೇ ವಿಭೂತಿ.

ಈ ಅರವತ್ತಮೂವರು ನಮಗೆ ಹೊಸಬರಲ್ಲ. ನಮ್ಮ ಶರಣರು 'ಪುರಾತನರು' ಎಂದು ಕೈಮುಗಿದದ್ದು ಇವರಿಗೇ. ನಂಜನಗೂಡಿನ ಗುಡಿಯ ಸುತ್ತಿನಲ್ಲಿ ಸಾಲಾಗಿ ನಿಂತಿರುವವರೂ ಇವರೇ. ಅವರಲ್ಲಿ ಕುಂಬಾರ, ಮೀನುಗಾರ, ಅಗಸ, ಅರಸ ಎಲ್ಲರೂ ಇದ್ದಾರೆ. ಅಪ್ಪರ್ ಮುಪ್ಪಿನಲ್ಲೂ ಹುಲ್ಲು ಹೆರೆಯುವ ಸಲಿಕೆ ಹಿಡಿದು ಊರೂರಿನ ಗುಡಿಯ ಅಂಗಳ ಹಸನು ಮಾಡುತ್ತಾ ಹಾಡಿದವರು. ಸಂಬಂಧರ್ ಇನ್ನೂ ಹಾಲುಬಾಯಿಯ ಮಗುವಾಗಿದ್ದಾಗಲೇ ಹಾಡಿದರು ಎಂದು ಕಥೆ. ಸುಂದರರ್ ಶಿವನನ್ನು ಗೆಳೆಯನೆಂದೇ ತಿಳಿದು ಬೇಕಾದ್ದನ್ನು ಕೇಳಿ ಪಡೆದವರು. ಒಬ್ಬೊಬ್ಬರೂ ಊರಿಂದೂರಿಗೆ ನಡೆದು, ಆಯಾ ಊರಿನ ದೇವರ ಮುಂದೆ ನಿಂತು ಹಾಡಿದರು. ಅದಕ್ಕೇ ಹಾಡಿನೊಳಗೆ ಊರಿನ ಹೆಸರು, ಹೊಳೆಯ ಹೆಸರು, ಗದ್ದೆಯ ಹಕ್ಕಿಯ ಹೆಸರು.

ಹಲಸೂರಿನಲ್ಲಿ ಮರಗದಮ್ಮನ ಅಪ್ಪ ಗುಡಿಯೊಂದರಲ್ಲಿ ಓದುವಾರ್ ಆಗಿದ್ದರು. ಮನೆ ಗುಡಿಯ ಹಿಂಗೋಡೆಗೆ ಅಂಟಿಕೊಂಡೇ ಇತ್ತು. ಅಪ್ಪ ಮಗಳಿಗೆ ಹಾಡು ಹೇಳಿಕೊಡಲಿಲ್ಲ. ಹೆಣ್ಣುಮಗು, ಏನು ಮಾಡುತ್ತಾಳೆ ಕಲಿತು ಎಂದಿರಬೇಕು. ಬೇಡ ಎಂದೂ ಹೇಳಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಹಿತ್ತಲ ಮೆಟ್ಟಿಲ ಮೇಲೆ ಕೂತರೆ ಅಪ್ಪನ ದನಿ ಗೋಡೆ ದಾಟಿ ಬರುತ್ತಿತ್ತು. ವರ್ಷಗಟ್ಟಲೆ ಹಾಗೆ ಕೇಳಿ ಹಾಡುಗಳು ಬಾಯಿಗೆ ಬಂದವು. ಅಪ್ಪ ತೀರಿಕೊಂಡರು, ಮದುವೆಯಾಯಿತು, ಲಂಡನ್ನಿಗೆ ಬಂದದ್ದಾಯಿತು. ಹಾಡು ಒಳಗೇ ಉಳಿಯಿತು.

ನಾಲ್ಕು ವರ್ಷದ ಹಿಂದೆ ಹ್ಯಾರೋ ಗುಡಿಯ ಓದುವಾರ್ ವೀಸಾ ಮುಗಿದು ಊರಿಗೆ ಮರಳಿದರು. ಬದಲಿಗೆ ಯಾರೂ ಸಿಗಲಿಲ್ಲ. ಅರ್ಚಕರಾದ ಗುರುಕ್ಕಳ್ ದಿನಾ ಮಂಗಳಾರತಿ ಇಳಿಸಿ, ರೂಢಿಯಂತೆ ಬಲಗಡೆ ತಿರುಗಿ ನೋಡುವರು. ಅಲ್ಲಿ ಯಾರೂ ಇಲ್ಲ. ತಾವೇ ಎರಡು ಸಾಲು ಗುನುಗಿ ಮುಗಿಸುವರು. ಒಂದು ಬೆಳಿಗ್ಗೆ ಹಾಗೆ ತಿರುಗಿ ನೋಡಿದಾಗ ಹೆಂಗಸರ ಸಾಲಿನ ಹಿಂದಿನಿಂದ ಸಣ್ಣಗೆ ಹಾಡು ಬಂತು. ಗುರುಕ್ಕಳ್ ಕೈಸನ್ನೆ ಮಾಡಿ ಮುಂದೆ ಕರೆದರು. ಮೊದಮೊದಲು ಇಬ್ಬರು ಹಿರಿಯರು ಮುಖ ಸಿಂಡರಿಸಿದರಂತೆ. ಹಾಡು ಕೇಳುತ್ತಾ ಕೇಳುತ್ತಾ ಅವರೂ ಸುಮ್ಮನಾದರು. ಸಂಬಳವಿಲ್ಲ, ಕೇಳಿದವರೂ ಅಲ್ಲ. ಮಳೆ, ಮಂಜು, ಚಳಿ ಎಂದು ತಪ್ಪಿಸಿದವರಲ್ಲ.

ಇಷ್ಟಾದ ಮೇಲೆ ಹಾಡು ನಿಂತದ್ದೇಕೆ? ಅದನ್ನು ಮರಗದಂ ತಾವೇ ನಿಲ್ಲಿಸಿಕೊಂಡರು ಎಂದರೂ ಸರಿಯೇ.

ಕಳೆದ ನವೆಂಬರ್‌ನಲ್ಲಿ ಮಾಣಿಕ್ಕ ದೇಶಿಕರ್ ಎಂಬ ವೃದ್ಧರು ಗುಡಿಗೆ ಬಂದರು. ತಂಜಾವೂರು ಕಡೆಯ ದೊಡ್ಡ ಗುಡಿಯಲ್ಲಿ ಇಡೀ ಆಯುಷ್ಯ ಓದುವಾರ್ ಆಗಿದ್ದು ನಿವೃತ್ತರಾದವರು. ಕ್ರೋಯ್ಡನ್‌ನಲ್ಲಿರುವ ಮಗಳ ಮನೆಗೆ ಆರು ತಿಂಗಳಿಗೆಂದು ಬಂದಿದ್ದರು. ಬೆಳಗಿನ ಪೂಜೆಗೆ ಕೂತು ಐದು ಹಾಡೂ ಕೇಳಿದರು. ವಿಭೂತಿ ಹಚ್ಚಿಕೊಂಡು ಹತ್ತಿರ ಬಂದು ತಮಿಳಿನಲ್ಲಿ ಮೆಲ್ಲಗೆ ಕೇಳಿದರು.

"ಏನಮ್ಮಾ, ಸ್ವಾಮೀನ ಎಬ್ಬಿಸ್ತಾ ಇದೀಯಾ, ಮಲಗಿಸ್ತಾ ಇದೀಯಾ?"

ಮರಗದಮ್ಮನಿಗೆ ಅರ್ಥವಾಗಲಿಲ್ಲ. ದೇಶಿಕರ್ ಬೂಟಿನ ಗೂಡಿನ ಪಕ್ಕದ ಬೆಂಚಿನ ಮೇಲೆ ಕೂತು ಬಿಡಿಸಿ ಹೇಳಿದರು. ಮೂವರ ಹಾಡುಗಳಿಗೆ ಹಳೆಯ ರಾಗಗಳಿವೆ. ಪಣ್ ಎಂದು ಅವಕ್ಕೆ ಹೆಸರು. ಕೆಲವು ಹಗಲಿನವು, ಕೆಲವು ಇರುಳಿನವು, ಎರಡಕ್ಕೂ ಸಲ್ಲುವವು ಎರಡು ಮೂರು. ಬೆಳಗಿನ ಪುರನೀರ್ಮೈಯನ್ನು ಈಗ ಭೂಪಾಳದಲ್ಲಿ ಹಾಡುತ್ತಾರೆ. ಇರುಳಿನ ಮೇಘರಾಗಕ್ಕುರಿಂಜಿಯನ್ನು ನೀಲಾಂಬರಿಯಲ್ಲಿ. ನೀಲಾಂಬರಿ ಎಂದರೆ ತೊಟ್ಟಿಲು ತೂಗುವ ರಾಗವೆಂದು ನಮ್ಮ ಹಳ್ಳಿಯ ಅಜ್ಜಿಯರಿಗೂ ಗೊತ್ತು. ಐದು ಹಾಡಿನಲ್ಲಿ ಮೊದಲನೆಯದಕ್ಕೆ ಈ ಹೊತ್ತಿನ ಕಟ್ಟು ಗಟ್ಟಿ. ಮರಗದಂ ನಾಲ್ಕು ವರ್ಷ ಬೆಳಗಿನ ಜಾವ ದೇವರ ಬಾಗಿಲಲ್ಲಿ ನಿಂತು ಹಾಡಿದ ಮೊದಲನೆಯ ಹಾಡುಗಳೆಲ್ಲ ಇರುಳಿನವು.

ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಹಲಸೂರಿನಲ್ಲಿ ಬೀದಿ ನಲ್ಲಿಗೆ ನೀರು ಬಿಡುತ್ತಿದ್ದದ್ದು ನಸುಕಿನಲ್ಲಿ. ಮನೆಯ ಹೆಣ್ಣುಮಗು ಕೊಡ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಅಪ್ಪ ಬೆಳಗಿನ ಪೂಜೆಯಲ್ಲಿ ಹಾಡುವಾಗ ಮಗಳು ನಲ್ಲಿಯ ಹತ್ತಿರ ಇರುತ್ತಿದ್ದಳು. ಕೇಳಿದ್ದೆಲ್ಲ ಸಂಜೆಯದ್ದು. ಹಗಲಿನ ರಾಗವೊಂದಿದೆ ಎಂಬುದೇ ಅವಳ ಕಿವಿಗೆ ಬೀಳಲಿಲ್ಲ.

"ನೀರಿನ್ ಕ್ಯೂನಲ್ಲಿ ಜಗಳ ಆಡ್ತಿದ್ದೆ ಆ ಹೊತ್ತಲ್ಲಿ. ಅಪ್ಪ ಅಲ್ಲಿ ಭೂಪಾಳ ಹಾಡ್ತಿದ್ರು ಅಂತ ಯಾರಿಗ್ಗೊತ್ತು" ಎನ್ನುತ್ತಾರೆ ಮರಗದಂ.

ಮನೆಗೆ ಹೋಗಿ ಗಂಡನಿಗೆ ಹೇಳಿದರು. ಷಣ್ಮುಗಂ ದಿನಾ ಕಾರಿನಲ್ಲಿ ಕರೆತಂದು ಗುಡಿಯ ಹಿಂದಿನ ಕುರ್ಚಿಯಲ್ಲಿ ಕೂರುವವರು. "ಅದೇ ನೋಡು. ನಾಲ್ಕು ವರ್ಷದಿಂದ ಎರಡನೇ ಸಾಲಿಗೇ ನಂಗೆ ತೂಕಡಿಕೆ ಬರ್ತಿತ್ತು. ವಯಸ್ಸಾಯ್ತು ಅಂತ ಜಿಪಿ ಡಾಕ್ಟ್ರ ಹತ್ರ ರಕ್ತ ಪರೀಕ್ಷೆ ಬೇರೆ ಮಾಡಿಸ್ದೆ" ಎಂದರಂತೆ.

ನಕ್ಕದ್ದಾಯಿತು. ಆದರೆ ಮರಗದಮ್ಮನಿಗೆ ಮಾರನೇ ಬೆಳಿಗ್ಗೆ ಹಾಡಲು ಬಾಯಿ ಬರಲಿಲ್ಲ. ಹೇಗೋ ಮುಗಿಸಿ ಗುಡಿಯ ಕಾರ್ಯದರ್ಶಿ ಮೈತ್ರೇಯಿಯವರ ಬಳಿ ಹೋಗಿ ಹೇಳಿಬಿಟ್ಟರು. ಮೈತ್ರೇಯಿ ಬೆಂಗಳೂರಿನ ಜಯನಗರದವರು, ಐಟಿ ಕೆಲಸ, ಹದಿನೆಂಟು ವರ್ಷದಿಂದ ಇಲ್ಲೇ ಇದ್ದಾರೆ.

"ಬಿಡಿ ಆಂಟಿ. ಯಾರಿಗೆ ಗೊತ್ತಾಗತ್ತೆ? ಬರೋರಲ್ಲಿ ಅರ್ಧ ಜನಕ್ಕೆ ಕಾಫಿ ಕುಡಿಯೋ ತನಕ ಅಪ್ಪ ಅಮ್ಮನ ಹೆಸರೂ ನೆನಪಿರಲ್ಲ."

"ಒಳಗೆ ಕೂತು ಕೇಳ್ತಿರೋನಿಗೆ ಗೊತ್ತಾಗತ್ತಲ್ಲಮ್ಮ."

ವಿಷಯ ಟ್ರಸ್ಟಿನವರ ಮುಂದೆ ಹೋಯಿತು. ಅವರೂ ಕೆಟ್ಟವರಲ್ಲ. ಗೊತ್ತಿಲ್ಲದೆ ನಡೆದದ್ದು ಬೇರೆ, ಗೊತ್ತಾದ ಮೇಲೆ ನಡೆಸುವುದು ಬೇರೆ ಎಂಬ ಮಾತು ಬಂತು. ಜನವರಿಯಿಂದ ಬೆಳಿಗ್ಗೆ ಪಳಗಿದ ಓದುವಾರ್ ಒಬ್ಬರ ರೆಕಾರ್ಡಿಂಗ್ ಹಾಕುವುದು. ದೇಶಿಕರ್ ಊರಿಗೆ ಮರಳುವುದು ಏಪ್ರಿಲ್ ಮೊದಲ ವಾರ. ಅಷ್ಟರಲ್ಲಿ ಮರಗದಂ ಹಗಲಿನ ರಾಗ ಕಲಿತರೆ ಸರಿ. ಇಲ್ಲವಾದರೆ ಸ್ಪೀಕರ್ರೇ ಇರಲಿ, ಅವರು ಬೇಕಾದರೆ ಸಂಜೆ ಹಾಡಲಿ. ಸಂಜೆ ಎಂದರೆ ಅವರಿಗೆ ಆಸ್ಪತ್ರೆ, ರಜೆಯ ಶನಿವಾರದ ಸಂಜೆ ಗುಡಿ ವಿಷ್ಣುವಿನ ಕಡೆಯವರದ್ದು. ಬೆಳಿಗ್ಗೆ ಹೋದರೆ ಹಾಡೇ ಹೋದಂತೆ.

ಒಂದು ದಾರಿ ಅವರಿಗೆ ಹೊಳೆದಿತ್ತು. ಡಿಸೆಂಬರ್‌ನಲ್ಲಿ ಈ ಊರಲ್ಲಿ ಬೆಳಕು ಹರಿಯುವುದು ಎಂಟಕ್ಕೆ. ಆರೂಕಾಲಿಗೆ ಕಗ್ಗತ್ತಲೆ. "ಹೊರಗೆ ರಾತ್ರಿನೇ ಇದ್ಯಲ್ಲ ಸ್ವಾಮಿ, ರಾತ್ರಿ ರಾಗ ಹಾಡಿದ್ರೆ ಏನು ತಪ್ಪು?" ಎಂದು ದೇಶಿಕರನ್ನೇ ಕೇಳಿದರು. ತಂಜಾವೂರಿನಲ್ಲಿ ಯಾರೂ ಅವರಿಗೆ ಈ ಪ್ರಶ್ನೆ ಹಾಕಿರಲಿಲ್ಲ. "ಹಾಗಾದ್ರೆ ಜೂನ್‌ನಲ್ಲಿ ರಾತ್ರಿ ಪೂಜೆಗೂ ಹೊರಗೆ ಬಿಸಿಲಿರತ್ತಂತೆ. ಆಗ ಹಗಲಿನ ರಾಗ ಹಾಡ್ತೀಯಾ? ನಮಗೆ ಹೊತ್ತು ಅಂದ್ರೆ ಒಳಗಿನ ಬಾಗಿಲು. ಅದು ತೆರೆದ್ರೆ ಬೆಳಗು, ಮುಚ್ಚಿದ್ರೆ ಇರುಳು" ಎಂದರು. ಆ ದಾರಿ ಅಲ್ಲಿಗೆ ಮುಚ್ಚಿತು.

ಹಾಗಾಗಿ ರಜೆಯ ದಿನವಾದ ಶನಿವಾರ ಮರಗದಂ ಹ್ಯಾರೋದಿಂದ ಮೆಟ್ರೊಪಾಲಿಟನ್ ಲೈನ್ ಹಿಡಿದು, ಫ್ಯಾರಿಂಗ್ಡನ್‌ನಲ್ಲಿ ಇಳಿದು, ಇನ್ನೊಂದು ರೈಲಿನಲ್ಲಿ ಲಂಡನ್ನಿನ ಆ ತುದಿಯ ಕ್ರೋಯ್ಡನ್‌ಗೆ ಹೋಗುತ್ತಾರೆ. ಲಿಫ್ಟ್ ಕೆಟ್ಟಿದ್ದರೆ ನಾಲ್ಕು ಮಹಡಿ ಹತ್ತುತ್ತಾರೆ. ದೇಶಿಕರ್ ಮಗಳ ಫ್ಲ್ಯಾಟಿನಲ್ಲಿ, ಬಟ್ಟೆ ಒಣಹಾಕಿದ ಸ್ಟ್ಯಾಂಡಿನ ಪಕ್ಕ ಪಾಠ. ಮೊದಲ ಎರಡು ವಾರ ಅವರು ಹಾಡಿಸಲೇ ಇಲ್ಲ. ಬರೀ ಕೇಳು ಎಂದರು. ಮೂರನೇ ವಾರ ಒಂದು ಸಾಲು ಕೊಟ್ಟರು.

ಹೊಸದನ್ನು ಕಲಿಯುವುದು ಕಷ್ಟವಾಗಲಿಲ್ಲ, ಹಳೆಯದು ಬಿಡುವುದು ಕಷ್ಟವಾಯಿತು. ಭೂಪಾಳದಲ್ಲಿ ಇರುವುದು ಐದೇ ಸ್ವರ. ಮರಗದಮ್ಮನ ಗಂಟಲು ಇಳಿಯುವಾಗ ಅಲ್ಲಿ ಇಲ್ಲದ ಸ್ವರಕ್ಕೆ ಜಾರುತ್ತದೆ, ಜಾರಿದ ಕೂಡಲೇ ನೀಲಾಂಬರಿಯ ತೊಟ್ಟಿಲು ಅತ್ತಿತ್ತ ಆಡತೊಡಗುತ್ತದೆ. ದೇಶಿಕರ್ ಬೈಯುವುದಿಲ್ಲ. ತೊಡೆಯ ಮೇಲಿನ ಕೈ ಎತ್ತಿ ಹಾಗೇ ಹಿಡಿಯುತ್ತಾರೆ, ಅಷ್ಟೇ.

"ಮಲಗಿತು ಮಗು" ಎನ್ನುತ್ತಾರೆ. "ಮತ್ತೆ ಎಬ್ಬಿಸು."

ಪಾಠದ ನಡುವೆ ಕಥೆಗಳು. ಈ ಹಾಡುಗಳೂ ಒಮ್ಮೆ ಕಾಣೆಯಾಗಿದ್ದವು ಎಂದು ದೇಶಿಕರೇ ಹೇಳಿದರು. ಮೂವರು ಹಾಡಿ ಹೋಗಿ ಮುನ್ನೂರು ವರ್ಷವಾಗಿತ್ತು. ಅಲ್ಲೊಂದು ಇಲ್ಲೊಂದು ಗುಡಿಯಲ್ಲಿ ಕೆಲವನ್ನು ಹಾಡುತ್ತಿದ್ದರು, ಪೂರ್ತಿ ಯಾರ ಬಳಿಯೂ ಇರಲಿಲ್ಲ. ಚೋಳ ಅರಸ ಅವನ್ನು ಹುಡುಕಿಸಬೇಕೆಂದ. ನಂಬಿ ಆಂಡಾರ್ ನಂಬಿ ಎಂಬ ಅರ್ಚಕ, ಓಲೆಗರಿಗಳೆಲ್ಲ ಚಿದಂಬರದ ಗುಡಿಯ ಒಂದು ಕೋಣೆಯಲ್ಲಿವೆ ಎಂದ. ಗುಡಿಯವರು, ಬೀಗಮುದ್ರೆ ಹಾಕಿದ ಆ ಮೂವರೇ ಬಂದರೆ ತೆಗೆಯುತ್ತೇವೆ ಎಂದರು. ಸತ್ತವರು ಬರುವುದು ಹೇಗೆ? ಅರಸ ಮೂವರ ವಿಗ್ರಹಗಳನ್ನು ಮೆರವಣಿಗೆಯಲ್ಲಿ ಹೊತ್ತು ತಂದು ಬಾಗಿಲ ಮುಂದೆ ನಿಲ್ಲಿಸಿದ. ಗುಡಿಯಲ್ಲಿ ವಿಗ್ರಹವೆಂದರೆ ಅವರೇ, ಇಲ್ಲ ಎನ್ನುವಂತಿಲ್ಲ. ಬಾಗಿಲು ತೆರೆದರೆ ಒಳಗೆಲ್ಲ ಹುತ್ತ. ಗೆದ್ದಲು ತಿಂದು ಉಳಿದದ್ದನ್ನು ಎಣ್ಣೆ ಹಾಕಿ ಬಿಡಿಸಿ ತೆಗೆದರು. ನಂಬಿ ಅವನ್ನು ಸಾಲುಗೂಡಿಸಿ ವಿಂಗಡಿಸಿದ. ಇದು ಕಥೆ. ಕಥೆಯ ಆಚೆಗೆ ಕಲ್ಲಿನ ಸಾಕ್ಷಿಯೂ ಇದೆ. ತಂಜಾವೂರಿನ ದೊಡ್ಡ ಗುಡಿಯ ಗೋಡೆಯ ಮೇಲೆ, ಅಲ್ಲಿ ದಿನಾ ಈ ಪದ ಹಾಡಲು ನಲವತ್ತೆಂಟು ಮಂದಿಯನ್ನೂ ತಾಳವಾದ್ಯಕ್ಕೆ ಇಬ್ಬರನ್ನೂ ರಾಜರಾಜ ನೇಮಿಸಿದ ಬರಹ ಈಗಲೂ ಓದಲು ಸಿಗುತ್ತದೆ.

"ಓಲೆ ಸಿಕ್ತು, ರಾಗ ಎಲ್ಲಿಂದ ಸಿಗಬೇಕು? ಓಲೆ ಹಾಡಲ್ಲ" ಎಂದರು ದೇಶಿಕರ್. ಸಂಬಂಧರ್ ಜೊತೆ ಊರೂರು ತಿರುಗಿ ಯಾಳ್ ಎಂಬ ತಂತಿವಾದ್ಯ ನುಡಿಸಿದ ಪಾಣ ಕುಲದ ಹಾಡುಗಾರನೊಬ್ಬನಿದ್ದ. ಅವನ ವಂಶದಲ್ಲಿ ಒಬ್ಬ ಹೆಣ್ಣುಮಗಳಿಗೆ ರಾಗಗಳು ಗೊತ್ತಿದ್ದವು. ಅವಳನ್ನು ಚಿದಂಬರಕ್ಕೆ ಕರೆಸಿ, ಅವಳು ಹಾಡಿದಂತೆ ಪಣ್ ಗೊತ್ತುಮಾಡಿದರು.

"ಅವಳ ಹೆಸರೇನು?" ಮರಗದಂ ಕೇಳಿದರು.

"ಕಥೆ ಹೇಳಿದೋರು ಅದನ್ನ ಹೇಳಿಲ್ಲಮ್ಮ" ಎಂದರು ದೇಶಿಕರ್. ಆ ಶನಿವಾರ ರೈಲಿನಲ್ಲಿ ಮರಗದಂ ಇಡೀ ದಾರಿ ಅದನ್ನೇ ಯೋಚಿಸಿದರಂತೆ. ಊರಿನ ಹೆಸರಿದೆ, ವಂಶದ ಹಿರಿಯನ ಹೆಸರಿದೆ, ಅವಳದ್ದಿಲ್ಲ.

ಶನಿವಾರ ಸಂಜೆ ಹ್ಯಾರೋಗೆ ಮರಳುವ ಹೊತ್ತಿಗೆ ಗುಡಿ ಪೆರುಮಾಳ್ ಕಡೆಯವರದ್ದಾಗಿರುತ್ತದೆ. ಅದೇ ಹಾಲಿನ ಎಡಗಡೆ ವಿಷ್ಣುವಿನ ಸನ್ನಿಧಿ. ಅಲ್ಲಿ ಜಗನ್ನಾಥ ಅಯ್ಯಂಗಾರರ ಗೋಷ್ಠಿ. ಅಯ್ಯಂಗಾರರು ಹಾಸನದ ಕಡೆಯ ಹೆಬ್ಬಾರರು, ಕಿಂಗ್ಸ್‌ಬರಿಯಲ್ಲಿ ಔಷಧದ ಅಂಗಡಿ ಇಟ್ಟಿದ್ದವರು. ಅವರ ಮಂದಿಗೆ ಆಳ್ವಾರುಗಳ ತಮಿಳು ಪಾಶುರಗಳು ಕನ್ನಡ ಲಿಪಿಯಲ್ಲಿವೆ. ಎರಡು ಸಾಲಾಗಿ ಎದುರುಬದುರು ಕೂತು ಒಂದು ಸಾಲಿನವರು ಅರ್ಧ ಹೇಳಿದರೆ ಇನ್ನೊಂದು ಸಾಲಿನವರು ಅರ್ಧ ಹೇಳುತ್ತಾರೆ. ಕೊನೆಯ ಎರಡು ಪಾಶುರ ಬಂದಾಗ ಎಲ್ಲರೂ ಸೇರಿ ಹೇಳಿ ಮುಗಿಸುತ್ತಾರೆ. ಹಬ್ಬದ ದಿನ ದೇವರು ಹೊರಗೆ ಹೊರಟರೆ ತಮಿಳು ಹೇಳುವವರು ದೇವರ ಮುಂದೆ, ವೇದ ಹೇಳುವವರು ಹಿಂದೆ. ಮೇಲುಕೋಟೆಯಲ್ಲಿ ನಡೆಯುವಂತೆಯೇ ಹ್ಯಾರೋದ ಕಾರ್ ಪಾರ್ಕಿನಲ್ಲೂ ನಡೆಯುತ್ತದೆ.

ಅಯ್ಯಂಗಾರರಿಗೂ ಮರಗದಮ್ಮನಿಗೂ ತಮಾಷೆಯ ಜಗಳ ಹಳೆಯದು.

"ಏನಮ್ಮ, ನಿಮ್ಮ ಸ್ವಾಮಿ ಎದ್ದನೋ, ಇನ್ನೂ ಗೊರಕೆನೋ?"

"ನಿಮ್ಮೋರು ಮಲಗೇ ಇದಾರಲ್ಲ ಸ್ವಾಮಿ, ಹಾವಿನ್ ಮೇಲೆ. ಅವರನ್ನ ಮೊದ್ಲು ಎಬ್ಬಿಸಿ."

ಆದರೆ ಮಾರ್ಚ್ ಕೊನೆಯ ಭಾನುವಾರ ಟ್ರಸ್ಟಿನವರು ಸೇರಿದಾಗ ಮರಗದಮ್ಮನ ಪರವಾಗಿ ಮೊದಲು ಮಾತಾಡಿದ್ದು ಈ ಅಯ್ಯಂಗಾರರೇ. ಅಷ್ಟು ಹೊತ್ತಿಗೆ ಮರಗದಮ್ಮನ ಕೈಯಲ್ಲಿ ಇದ್ದದ್ದು ಹಗಲಿನ ಮೂರೇ ಹಾಡು. ಪುರನೀರ್ಮೈಯದ್ದು ಒಂದು. ನಟ್ಟಪಾಡೈ ಎಂಬ ಪಣ್‌ನದ್ದು ಒಂದು. ಅದು ನಮ್ಮ ಗಂಭೀರನಾಟ. ಕಾಂಭೋಜಿಯಲ್ಲಿ ಹಾಡುವ ತಕ್ಕೇಶಿಯದ್ದು ಒಂದು. ದಿನಾ ಮೂರನ್ನೇ ತಿರುಗಿಸಿ ಮುರುಗಿಸಿ ಹಾಡಿದರೆ ಜನಕ್ಕೆ ಬೇಸರ ಬರುವುದಿಲ್ಲವೇ, ರೆಕಾರ್ಡಿಂಗಿನಲ್ಲಿ ನೂರಾರು ಇವೆಯಲ್ಲ ಎಂದು ಟ್ರಸ್ಟಿಗಳಲ್ಲಿ ಒಬ್ಬರು ಕೇಳಿದರು.

"ನಮ್ಮ ಆಚಾರ್ಯ ನಾಥಮುನಿಗಳ ಕೈಗೆ ಮೊದ್ಲು ಬಂದಿದ್ದೆಷ್ಟು, ಕೇಳಿ" ಎಂದರು ಅಯ್ಯಂಗಾರರು. ಯಾರೋ ಯಾತ್ರಿಕರು ಗುಡಿಯಲ್ಲಿ ಹತ್ತು ಪಾಶುರ ಹಾಡಿದ್ದನ್ನು ನಾಥಮುನಿಗಳು ಕೇಳಿದರು. ಕೊನೆಯದರಲ್ಲಿ 'ಸಾವಿರದಲ್ಲಿ ಈ ಹತ್ತು' ಎಂದಿತ್ತು. ಉಳಿದವು ಎಲ್ಲಿ ಎಂದರೆ ಯಾತ್ರಿಕರಿಗೆ ಗೊತ್ತಿಲ್ಲ. ನಾಥಮುನಿಗಳು ಅದನ್ನು ಹಾಡಿದ ನಮ್ಮಾಳ್ವಾರರ ಊರು ಕುರುಗೂರಿಗೆ ನಡೆದರು. ಅಲ್ಲಿ ಸಿಕ್ಕಿದ್ದು ಆಳ್ವಾರರ ಶಿಷ್ಯ ಮಧುರಕವಿ ಗುರುವಿನ ಮೇಲೆ ಹಾಡಿದ ಹನ್ನೊಂದು ಪಾಶುರ ಮಾತ್ರ. ಅದನ್ನೇ ಹನ್ನೆರಡು ಸಾವಿರ ಸಲ ಜಪಿಸಿದರು. ಆಗ ಆಳ್ವಾರರೇ ಕಾಣಿಸಿಕೊಂಡು ಸಾವಿರದ ಜೊತೆಗೆ ಉಳಿದ ಆಳ್ವಾರುಗಳದ್ದೂ ಸೇರಿಸಿ ನಾಲ್ಕು ಸಾವಿರ ಕೊಟ್ಟರು ಎನ್ನುತ್ತದೆ ಪರಂಪರೆ. ನಾಥಮುನಿಗಳು ಅದಕ್ಕೆ ರಾಗತಾಳ ಕಟ್ಟಿ ಇಬ್ಬರು ಸೋದರಳಿಯಂದಿರಿಗೆ ಕಲಿಸಿದರು. ಶ್ರೀರಂಗದಲ್ಲಿ ವೈಕುಂಠ ಏಕಾದಶಿಯ ಆಚೆ ಈಚೆ ಹತ್ತು ಹಗಲು, ಹತ್ತು ಇರುಳು ಅದನ್ನು ಒಪ್ಪಿಸುವ ಏರ್ಪಾಡಾಯಿತು.

"ಈಗ ಆ ರಾಗ ಶ್ರೀರಂಗದಂಥ ನಾಲ್ಕಾರು ಕಡೆ ಅರೆಯರ್ ಮನೆತನದೋರ ಹತ್ರ ಅಷ್ಟಿಷ್ಟು ಉಳ್ಕೊಂಡಿದೆ. ನಾವು ಬರೀ ಹೇಳ್ತೀವಿ, ಹಾಡಲ್ಲ. ಹಾಡೋರು ಒಂದು ತಲೆಮಾರು ಬಿಟ್ರೂಂತ ಹೋಯ್ತು ಅದು. ಈಯಮ್ಮನ ಹತ್ರ ಮೂರಿದೆ, ಬಾಯಲ್ಲಿದೆ. ಮೂರು ಸಾಲದು ಅಂತೀರಲ್ಲ" ಎಂದು ಅಯ್ಯಂಗಾರರು ಕೂತರು.

ಆಮೇಲೆ ಗುರುಕ್ಕಳ್ ಮಾತಾಡಿದರು. ಅವರು ಸಭೆಯಲ್ಲಿ ಬಾಯಿ ತೆರೆಯುವವರಲ್ಲ. ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಬಿಸಿನೀರಿನ ಬಾಯ್ಲರ್ ಕೆಟ್ಟು ಅಭಿಷೇಕ ತಡವಾಗಿತ್ತು. ಅಲಂಕಾರ ಮುಗಿದಿರಲಿಲ್ಲ, ಪರದೆ ಎಳೆದೇ ಇತ್ತು. ಆರು ಇಪ್ಪತ್ತಾಯಿತು, ಸ್ಪೀಕರ್ ತನ್ನ ಪಾಡಿಗೆ ಶುರುಮಾಡಿ ಐದೂ ಹಾಡು ಮುಗಿಸಿ ಸುಮ್ಮನಾಯಿತು. ಪರದೆ ಸರಿದಾಗ ಮಂಗಳಾರತಿಗೆ ಹಾಡಿಲ್ಲ.

"ನಾನು ಆ ಡಬ್ಬಕ್ಕೆ ಕಾಯ್ತೀನಿ, ಅದು ನನಗೆ ಕಾಯಲ್ಲ. ಈಯಮ್ಮ ನನ್ನ ಕೈ ನೋಡ್ತಾ ಹಾಡ್ತಾರೆ" ಎಂದರು ಗುರುಕ್ಕಳ್. "ನಂಗೆ ಗೊತ್ತಿರೋದು ಇಷ್ಟೇ."

ಒಂದು ಬೆಳಿಗ್ಗೆ ಹಾಡಿಸಿ 'ನೋಡೋಣ' ಎಂಬಲ್ಲಿಗೆ ಸಭೆ ಮುಗಿಯಿತು. ದೇಶಿಕರ್ ಬಂದು ಕೇಳಲಿ ಎಂದು ಮೈತ್ರೇಯಿ ಫೋನ್ ಮಾಡಿದರೆ ಅವರು ಒಪ್ಪಲಿಲ್ಲ. ಕೇಳುವವನು ಅಲ್ಲೇ ಇದ್ದಾನಲ್ಲ ಎಂದರಂತೆ. ಆ ಗುರುವಾರ ಅವರ ವಿಮಾನ.

ಮರುದಿನ ಸೋಮವಾರ. ಗಡಿಯಾರ ಒಂದು ಗಂಟೆ ಮುಂದೆ ಸರಿದಿದ್ದರಿಂದ ಆರೂಕಾಲಿಗೆ ಹೊರಗೆ ಮತ್ತೆ ಮಬ್ಬು. ಕೆಲಸಕ್ಕೆ ಹೊರಟ ಹತ್ತು ಹದಿನೈದು ಮಂದಿ, ಲ್ಯಾಪ್‌ಟಾಪ್ ಚೀಲ ಹೆಗಲಲ್ಲಿ. ಮೈತ್ರೇಯಿ ಸ್ಪೀಕರಿನ ಸ್ವಿಚ್ ಆರಿಸಿ ಅದರ ಕೆಳಗೇ ನಿಂತಿದ್ದಾರೆ. ಷಣ್ಮುಗಂ ಹಿಂದಿನ ಕುರ್ಚಿ ಬಿಟ್ಟು ಮುಂದೆ ಬಂದು ಕೂತಿದ್ದಾರೆ. ಪರದೆ ಸರಿಯುತ್ತದೆ. ಗುರುಕ್ಕಳ್ ಮಂಗಳಾರತಿ ಎತ್ತಿ ಇಳಿಸಿ ಬಲಗಡೆ ತಿರುಗುತ್ತಾರೆ.

ಚಿದಂಬರದ ಹೆಸರು ಹೇಳಿ ಮರಗದಂ ಭೂಪಾಳ ಎತ್ತುತ್ತಾರೆ. ಮೊದಲ ಸಾಲು ನೆಟ್ಟಗೆ ಹೋಗುತ್ತದೆ. ಎರಡನೆಯದೂ. ಮೂರನೇ ಸಾಲು ಇಳಿಯುವಾಗ ಗಂಟಲು ಹಳೆಯ ದಾರಿಗೆ ಜಾರಿತು. ಕೇಳಿದವರಿಗೆ ಗೊತ್ತಾಯಿತೋ ಇಲ್ಲವೋ, ಅವರಿಗೆ ಗೊತ್ತಾಯಿತು. ನಿಲ್ಲಿಸಿದರು. ತಾಳ ಮಾತ್ರ ನಿಲ್ಲಲಿಲ್ಲ, ಅದೇ ನಡೆಯಲ್ಲಿ ಸಣ್ಣಗೆ ನುಡಿಯುತ್ತಿತ್ತು. ಒಂದು ಸುತ್ತು ಬಿಟ್ಟು, ಮೂರನೇ ಸಾಲನ್ನು ಮೊದಲಿಂದ ಎತ್ತಿ, ಇಲ್ಲದ ಸ್ವರವನ್ನು ಮುಟ್ಟದೆ ಕೆಳಗಿಳಿದರು. ಗುರುಕ್ಕಳ್ ವಿಭೂತಿಯ ತಟ್ಟೆ ಹಿಡಿದು ಅಲ್ಲಿಯವರೆಗೂ ಅಲುಗಾಡದೆ ನಿಂತಿದ್ದರು. ಉಳಿದ ನಾಲ್ಕು ಹಾಡು ಮುಗಿಯಿತು. ಮತ್ತೆ ಚಿದಂಬರದ ಹೆಸರು ಹೇಳಿದ ಮೇಲೆಯೇ ಗುರುಕ್ಕಳ್ ಹೊಸ್ತಿಲು ದಾಟಿ ಈಚೆ ಬಂದದ್ದು.

"ನಿದ್ದೆ ಬಂತೇನ್ರೀ?" ಎಂದು ಮರಗದಂ ಗಂಡನನ್ನು ಕೇಳಿದರು.

"ಎಲ್ಲಿಂದ ಬರತ್ತೆ. ನಾಳೆಯಿಂದ ಕೂತ್ಕೊಂಡು ಏನು ಮಾಡ್ಲಿ ನಾನು?"

ಮೈತ್ರೇಯಿ ಏಣಿ ತರಿಸಿ ಸ್ಪೀಕರ್ ಇಳಿಸಿ, ವಯರ್ ಸುತ್ತಿ, ಉಗ್ರಾಣದಲ್ಲಿ ಇಟ್ಟುಬಂದರು. "ಮಂಗಳವಾರ ಯಾವ ಹಾಡು ಆಂಟಿ, ಗಂಭೀರನಾಟನಾ?" ಎಂದಷ್ಟೇ ಕೇಳಿದರು.

ಈಗ ಹಗಲಿನ ಹಾಡು ನಾಲ್ಕಾಗಿದೆ. ದೇಶಿಕರ್ ಊರಿಂದ ಫೋನಿನಲ್ಲಿ ಹೇಳಿಕೊಡುತ್ತಾರೆ. ಅಲ್ಲಿ ಅವರು ಊಟ ಮುಗಿಸಿ ಕೂತಿರುವ ಹೊತ್ತು, ಇಲ್ಲಿ ಇವರು ಗುಡಿಯಿಂದ ಬಂದು ಗಂಜಿ ಕುಡಿಯುವ ಹೊತ್ತು. ಆಸ್ಪತ್ರೆಯ ಅಡುಗೆಮನೆಯಲ್ಲಿ ಟ್ರೇ ಜೋಡಿಸುತ್ತಾ ಗುನುಗುವುದೂ ಉಂಟು. ಅಲ್ಲಿ ಪಾಳಿಯ ಮೇಲ್ವಿಚಾರಕರು ವಿಲ್‌ಫ್ರೆಡ್ ಎಂಬ ಉಡುಪಿ ಕಡೆಯ ಕ್ರೈಸ್ತರು, ಭಾನುವಾರ ಇಗರ್ಜಿಯಲ್ಲಿ ಕೊಂಕಣಿ ಗಾಯನ ಮಂಡಳಿ ನಡೆಸುವವರು. ಅವರ ಮುಂದೆ ಮರಗದಂ ಒಂದು ಅರ್ಜಿ ಇಟ್ಟಿದ್ದಾರೆ. ತಿಂಗಳಲ್ಲಿ ಎರಡು ಸಲ ತ್ರಯೋದಶಿಯ ಸಂಜೆ ಶಿವನಿಗೆ ಪ್ರದೋಷದ ಪೂಜೆ. ಆ ಪೈಕಿ ಒಂದೇ ಒಂದು ಸಂಜೆ ಪಾಳಿ ಬದಲಿಸಿಕೊಡಬೇಕು.

"ಬೆಳಿಗ್ಗೆ ದಿನಾ ಹಾಡ್ತೀರಲ್ಲ ಮಾರಾಯ್ರೆ, ಸಂಜೆ ಬೇರೆ ಎಂತಕ್ಕೆ?" ಎಂದು ವಿಲ್‌ಫ್ರೆಡ್ ಕೇಳಿದ್ದಾರೆ. ನೋಡುವ ಎಂದಿದ್ದಾರೆ. ಮುಂದಿನ ತಿಂಗಳ ಪಾಳಿಯ ಪಟ್ಟಿ ಇನ್ನೂ ಗೋಡೆಗೆ ಬಂದಿಲ್ಲ.

ಎಂತಕ್ಕೆ ಎಂಬುದನ್ನು ಮರಗದಂ ಗುಡಿಯ ಬಾಗಿಲಲ್ಲಿ ಬೂಟಿನ ದಾರ ಕಟ್ಟುತ್ತಾ ಹೇಳುತ್ತಾರೆ.

"ಅಪ್ಪನ ಹಾಡೆಲ್ಲ ರಾತ್ರಿದು. ಇಷ್ಟು ವರ್ಷ ಹಾಡ್ದೆ, ಒಂದು ದಿನಾನೂ ಅದರ ಹೊತ್ತಲ್ಲಿ ಹಾಡಿಲ್ಲ. ದೀಪ ಹಚ್ಚೋವಾಗ ನಿಂತು ಒಂದ್ಸಲ ಸರಿಯಾಗಿ ಹಾಡ್ಬೇಕು. ಆಮೇಲೆ ಸ್ವಾಮಿ ಮಲಗಿದ್ರೆ ಮಲಗ್ಲಿ."

ಎದ್ದು ನಿಂತು ಬೂಟನ್ನು ನೆಲಕ್ಕೆ ಎರಡು ಸಲ ಕುಟ್ಟಿ ನೋಡಿಕೊಳ್ಳುತ್ತಾರೆ.

"ಬೆಳಿಗ್ಗೆ ಎಬ್ಬಿಸಕ್ಕೆ ನಾನಿದೀನಲ್ಲ."